ಊಟ ಬಿಡಬೇಡಿ, ಹಂಚಿ ಉಣ್ಣಿ

ಗರ್ಭಿಣಿಯರಿಗೆ ಬರುವ ಸಕ್ಕರೆ ಕಾಯಿಲೆಯ ಬಗ್ಗೆ ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸಿದರೆ ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಉಳಿದ ಅರ್ಧವನ್ನು ನೆರೆಹೊರೆಯವರು ತಿದ್ದಿರುತ್ತಾರೆ. ಆದ್ದರಿಂದ ನಾನು ಎಲ್ಲವನ್ನೂ ಬರೆದು ಕೊಡುತ್ತೇನೆ. ಹಾಸನದ ಕಡೆಯ ಒಬ್ಬ ತಾಯಿಗೆ, ಅವರ ಹತ್ತು ದಿನಗಳ ದಾಖಲೆ ಪುಸ್ತಕ ನೋಡಿದ ಮೇಲೆ ಬರೆದ ಪತ್ರವಿದು. ಅವರಿಗೆ ಇದು ಎರಡನೆಯ ಹೆರಿಗೆ, ಆಗ 28ನೇ ವಾರ ನಡೆಯುತ್ತಿತ್ತು. ಬೇರೆಯವರಿಗೂ ಉಪಯೋಗವಾಗಲಿ ಎಂದು ಅವರೇ ಒಪ್ಪಿದ್ದರಿಂದ ಇಲ್ಲಿ ಕೊಡುತ್ತಿದ್ದೇನೆ. ಓದುಗರು ಒಂದು ಮಾತು ಗಮನಿಸಬೇಕು. ಊಟದ ಅಳತೆಯನ್ನು ಅವರ ತೂಕ, ಕೆಲಸ ನೋಡಿ ಹಾಕಿದ್ದೇನೆ. ನಿಮ್ಮ ಅಳತೆಯನ್ನು ನಿಮ್ಮ ವೈದ್ಯರ ಬಳಿಯೇ ಕೇಳಿ.

ಪ್ರಿಯ ತಂಗಿ,

ನಿಮ್ಮ ಪುಸ್ತಕವನ್ನು ಎರಡು ಸಲ ಓದಿದೆ. ಸಂಖ್ಯೆಗಳಿಗಿಂತ ಹೆಚ್ಚು ನನ್ನ ಗಮನ ಸೆಳೆದದ್ದು ನಾಲ್ಕನೇ ಮತ್ತು ಐದನೇ ದಿನದ ರಾತ್ರಿಯ ಸಾಲು: ‘ಊಟ ಇಲ್ಲ, ಒಂದು ಲೋಟ ಮಜ್ಜಿಗೆ.’ ಬೆಳಗಿನ ತಿಂಡಿಯ ನಂತರ 158 ಬಂದದ್ದು ನೋಡಿ ಹೆದರಿ ರಾತ್ರಿ ಊಟ ಬಿಟ್ಟಿದ್ದೀರಿ. ಅದರ ಮರುದಿನ ತಪಾಸಣೆಗೆ ಬಂದಾಗ ನಿಮ್ಮ ತೂಕ ಒಂದು ಕಿಲೋಗಿಂತ ಹೆಚ್ಚು ಇಳಿದಿತ್ತು, ಮೂತ್ರದಲ್ಲಿ ಕೀಟೋನ್ ಕಾಣಿಸಿತ್ತು. ದೇಹಕ್ಕೆ ಬೇಕಾದಷ್ಟು ಪಿಷ್ಟ ಸಿಗದಿದ್ದಾಗ ಅದು ಕೊಬ್ಬನ್ನು ಕರಗಿಸಿ ಉರಿಸಲು ತೊಡಗುತ್ತದೆ. ಆಗ ಹುಟ್ಟುವ ವಸ್ತು ಕೀಟೋನ್. ಹೊಟ್ಟೆಯಲ್ಲಿ ಮಗು ಇರುವಾಗ ಅದು ಬೇಡ. ಊಟ ಬಿಟ್ಟು ಆದ ಲಾಭವೇನು ನೋಡಿ: ಮೊದಲು ಖಾಲಿ ಹೊಟ್ಟೆಯ ಸಂಖ್ಯೆ 92 ಇತ್ತು, ಊಟ ಬಿಟ್ಟ ಮರುದಿನ 94. ನೀವು ಉಪವಾಸ ಮಲಗಿದರೆ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಾತ್ರಿಯಿಡೀ ರಕ್ತಕ್ಕೆ ಬಿಡುತ್ತಲೇ ಇರುತ್ತದೆ.

ಮೊದಲು, ಇದು ಏಕೆ ಬಂತು ಎಂಬ ನಿಮ್ಮ ಪ್ರಶ್ನೆ. ನೀವು ಸಿಹಿ ತಿಂದದ್ದರಿಂದ ಬರಲಿಲ್ಲ. ಮಗುವನ್ನು ಪೋಷಿಸುವ ಮಾಸು ಕೆಲವು ಹಾರ್ಮೋನುಗಳನ್ನು ತಯಾರಿಸುತ್ತದೆ, ಅವು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಇದು ಎಲ್ಲ ಗರ್ಭಿಣಿಯರಲ್ಲೂ ಆಗುತ್ತದೆ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಸುರಿದು ಸರಿದೂಗಿಸಿಕೊಳ್ಳುತ್ತದೆ. ಕೆಲವರ ದೇಹಕ್ಕೆ ಅಷ್ಟು ಸಾಧ್ಯವಾಗುವುದಿಲ್ಲ. 24ನೇ ವಾರದ ನಂತರ ಈ ಅಡ್ಡಿ ಜೋರಾಗುವುದರಿಂದಲೇ ಆಗ ನಿಮಗೆ 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆದದ್ದು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ ಎನ್ನುತ್ತೇವೆ. ನಿಮಗೆ 164 ಬಂದಿತ್ತು. ನಿಮ್ಮ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಆದರೆ ನಿಮ್ಮ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಳ್ಳುತ್ತದೆ, ಅದರಿಂದ ಮೈ ತುಂಬಿಕೊಂಡು ದೊಡ್ಡದಾಗಿ ಬೆಳೆಯುತ್ತದೆ. ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ತಕ್ಷಣ ತಾಯಿಯ ಸಕ್ಕರೆ ನಿಂತುಹೋಗಿ, ಮಗುವಿನ ಇನ್ಸುಲಿನ್ ಮಾತ್ರ ಉಳಿದು, ಮಗುವಿನ ಸಕ್ಕರೆ ಕುಸಿಯಬಹುದು. ನಾವು ಈಗ ಮಾಡುವುದೆಲ್ಲ ಇದನ್ನು ತಪ್ಪಿಸಲಿಕ್ಕೆ.

ಇನ್ನು ಊಟ. ಅನ್ನ, ರಾಗಿ, ಗೋಧಿ, ಇಡ್ಲಿ, ಹಣ್ಣು, ಹಾಲು ಎಲ್ಲದರಲ್ಲೂ ರಕ್ತದ ಸಕ್ಕರೆ ಏರಿಸುವ ಪಿಷ್ಟ ಅಥವಾ ಸಕ್ಕರೆ ಇದೆ. ಅದನ್ನು ‘ಪಾಲು’ ಎಂದು ಅಳೆಯೋಣ. ಒಂದು ಪಾಲೆಂದರೆ ಸುಮಾರು 15 ಗ್ರಾಂ ಪಿಷ್ಟ. ಒಂದು ಸಾಧಾರಣ ಇಡ್ಲಿ ಒಂದು ಪಾಲು. ಅಂಗೈ ಅಗಲದ ತೆಳು ಚಪಾತಿ ಒಂದು ಪಾಲು. ಸಣ್ಣ ಬಟ್ಟಲಿನಲ್ಲಿ ಅರ್ಧ ಬಟ್ಟಲು ಅನ್ನ ಒಂದು ಪಾಲು. ಒಂದು ಲೋಟ ಹಾಲು, ಒಂದು ಸಣ್ಣ ಏಲಕ್ಕಿ ಬಾಳೆಹಣ್ಣು, ಒಂದು ಕಿತ್ತಳೆ, ಇವು ಒಂದೊಂದು ಪಾಲು ಎಂದಿಟ್ಟುಕೊಳ್ಳಿ. ಆಲೂಗಡ್ಡೆ, ಗೆಣಸು ತರಕಾರಿ ಸಾಲಿಗೆ ಬರುವುದಿಲ್ಲ, ಅನ್ನದ ಸಾಲಿಗೆ ಬರುತ್ತವೆ. ಸೊಪ್ಪು, ಹುರುಳಿಕಾಯಿ, ಹೀರೆಕಾಯಿ, ಸೌತೆಕಾಯಿ ಲೆಕ್ಕಕ್ಕಿಲ್ಲ, ಬೇಕಾದಷ್ಟು ತಿನ್ನಿ.

ಹಾಗಾದರೆ ರಾಗಿ? ‘ರಾಗಿಗೆ ಸಕ್ಕರೆ ಇಲ್ಲ, ಎಷ್ಟು ಬೇಕಾದರೂ ಉಣ್ಣು’ ಎಂದು ನಿಮ್ಮತ್ತೆಯವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಅವರ ಪ್ರೀತಿ ದೊಡ್ಡದು, ರಾಗಿಯ ಸುಣ್ಣದಂಶವೂ ನಾರೂ ಒಳ್ಳೆಯದೇ. ಆದರೆ ಪಿಷ್ಟದ ಲೆಕ್ಕದಲ್ಲಿ ರಾಗಿಹಿಟ್ಟು ಅಕ್ಕಿಯಿಂದ ಬಹಳ ದೂರವಿಲ್ಲ. ದೊಡ್ಡ ನಿಂಬೆಹಣ್ಣಿನ ಗಾತ್ರದ ಮುದ್ದೆ ಒಂದು ಪಾಲು. ನಿಮ್ಮ ಮನೆಯಲ್ಲಿ ಕಟ್ಟುವ ಮುದ್ದೆಗೆ ಸುಮಾರು 80 ಗ್ರಾಂ ಹಿಟ್ಟು ಬೀಳುತ್ತದೆ ಎಂದಿರಲ್ಲ, ಅದು ಹತ್ತಿರ ಹತ್ತಿರ ನಾಲ್ಕು ಪಾಲು. ಅದರ ಮೇಲೆ ಒಂದು ಬಟ್ಟಲು ಅನ್ನ ಹಾಕಿಕೊಂಡರೆ ಆರು. ಎರಡನೇ ದಿನ ಮಧ್ಯಾಹ್ನ 146 ಬಂದದ್ದು ಅದಕ್ಕೇ. ಮುದ್ದೆ ಬಿಡಬೇಕಾಗಿಲ್ಲ, ಅರ್ಧ ಮುದ್ದೆ ಉಣ್ಣಿ. ಆದರೆ ರಾಗಿ ಗಂಜಿ, ಅಂಬಲಿ, ಮಾಲ್ಟ್ ಸದ್ಯ ಬೇಡ. ತೆಳ್ಳಗೆ ಬೇಯಿಸಿದ ಹಿಟ್ಟು ಅಗಿಯದೆ ಸರಕ್ಕನೆ ಇಳಿದು ಬೇಗ ಸಕ್ಕರೆಯಾಗುತ್ತದೆ.

ನಿಮಗೆ ದಿನಕ್ಕೆ 12 ಪಾಲು ಬೇಕು. ಇದಕ್ಕಿಂತ ಕಡಿಮೆ ಮಾಡಬೇಡಿ. ಪ್ರಶ್ನೆ ಎಷ್ಟು ಎನ್ನುವುದಲ್ಲ, ಯಾವಾಗ ಎಷ್ಟು ಎನ್ನುವುದು. ಬೆಳಿಗ್ಗೆ ಎಂಟಕ್ಕೆ ತಿಂಡಿಗೆ ಎರಡು ಪಾಲು, ಹತ್ತೂವರೆಗೆ ಒಂದು ಹಣ್ಣು, ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಮೂರು, ಸಂಜೆ ನಾಲ್ಕೂವರೆಗೆ ಎರಡು, ರಾತ್ರಿ ಎಂಟಕ್ಕೆ ಮೂರು, ಮಲಗುವ ಮುಂಚೆ ಹತ್ತಕ್ಕೆ ಒಂದು. ತಿಂಡಿಗೆ ಏಕೆ ಇಷ್ಟು ಕಡಿಮೆ ಎಂದು ಕೇಳುತ್ತೀರಿ. ಬೆಳಗಿನ ಜಾವ ದೇಹ ಏಳಲು ಸಿದ್ಧವಾಗುವಾಗ ಕಾರ್ಟಿಸಾಲ್‌ನಂತಹ ಹಾರ್ಮೋನುಗಳು ಏರಿರುತ್ತವೆ, ಅವೂ ಇನ್ಸುಲಿನ್ನಿಗೆ ಎದುರು ನಿಲ್ಲುತ್ತವೆ. ಅದೇ ಎರಡು ಚಪಾತಿ ರಾತ್ರಿ ತಿಂದಾಗ ಬಾರದ ಸಂಖ್ಯೆ ಬೆಳಿಗ್ಗೆ ಬರುತ್ತದೆ. ನಮ್ಮ ಕಡೆಯ ತಿಂಡಿಗಳೋ, ಬಹುಪಾಲು ಬರೀ ಅಕ್ಕಿ: ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ. ಗರ್ಭಿಣಿಯರ ಪುಸ್ತಕಗಳಲ್ಲಿ ನಾನು ಹೆಚ್ಚಾಗಿ ಕೆಂಪು ಶಾಯಿ ಹಾಕುವುದು ತಿಂಡಿಯ ಸಾಲಿಗೇ.

ನಿಮ್ಮ ತಿಂಡಿಯನ್ನೇ ನೋಡೋಣ. ಮೊದಲ ದಿನ ನಾಲ್ಕು ಇಡ್ಲಿ, ಸಾಂಬಾರು, ಸಕ್ಕರೆ ಹಾಕಿದ ಕಾಫಿ. ಎರಡು ಗಂಟೆಯ ನಂತರ 158. ಆರನೇ ದಿನ ಫೋನಿನಲ್ಲಿ ಮಾತನಾಡಿದ ಮೇಲೆ ಇಡ್ಲಿ ಎರಡಕ್ಕೆ ಇಳಿಸಿ, ಕಾಫಿಯ ಸಕ್ಕರೆ ಬಿಟ್ಟಿರಿ, 131. ಏಳನೇ ದಿನ ಅದೇ ಎರಡು ಇಡ್ಲಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಮತ್ತು ಒಂದು ಬಟ್ಟಲು ಸೌತೆಕಾಯಿ ಹೆಸರುಬೇಳೆ ಕೋಸಂಬರಿ, ಕೋಸಂಬರಿ ಮೊದಲು, ಇಡ್ಲಿ ಕೊನೆಗೆ, 122. ಎಂಟನೇ ದಿನ ತಿಂಡಿ ಅದೇ, ಆದರೆ ತಿಂದ ಮೇಲೆ ಹಿತ್ತಲಲ್ಲಿ ಹದಿನೈದು ನಿಮಿಷ ನಡೆದಿರಿ, 113. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಎಂದು ಅಂದಾಜು ಸಿಕ್ಕಿತು. ತರಕಾರಿ, ಬೇಳೆ, ಮೊಟ್ಟೆ ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬರುವ ಅನ್ನ ಇಡ್ಲಿ ನಿಧಾನವಾಗಿ ಇಳಿಯುತ್ತದೆ. ನಡೆದರೆ ಕಾಲಿನ ಮಾಂಸಖಂಡಗಳು ಇನ್ಸುಲಿನ್ನಿನ ಹಂಗು ಹೆಚ್ಚು ಇಲ್ಲದೆ ಸಕ್ಕರೆ ಹೀರುತ್ತವೆ. ವೈದ್ಯರು ವಿಶ್ರಾಂತಿ ಹೇಳಿಲ್ಲದಿದ್ದರೆ ಮೂರೂ ಹೊತ್ತು ಉಂಡ ಮೇಲೆ ನಡೆಯಿರಿ.

ಮಧ್ಯಾಹ್ನಕ್ಕೆ ಎರಡು ನಿಂಬೆ ಗಾತ್ರದಷ್ಟು ಮುದ್ದೆ, ಗಟ್ಟಿ ಬಸ್ಸಾರು, ಒಂದು ಬಟ್ಟಲು ಸೊಪ್ಪಿನ ಪಲ್ಯ, ಕೊನೆಗೆ ಅರ್ಧ ಬಟ್ಟಲು ಅನ್ನ ಮೊಸರು. ನೀವು ಹೀಗೆ ಉಂಡ ಒಂಬತ್ತನೇ ದಿನ 114 ಬಂದಿದೆ. ಸಂಜೆಗೆ ಒಂದು ಬಟ್ಟಲು ಕಡಲೆಕಾಳು ಉಸಲಿ, ಮಜ್ಜಿಗೆ. ರಾತ್ರಿ ಎರಡು ತೆಳು ಚಪಾತಿ, ಅರ್ಧ ಬಟ್ಟಲು ಅನ್ನ, ತೊವ್ವೆ, ಪಲ್ಯ. ಮಲಗುವಾಗ ಸಕ್ಕರೆ ಹಾಕದ ಒಂದು ಲೋಟ ಹಾಲು, ಒಂದಷ್ಟು ಹುರಿದ ಕಡಲೆಕಾಯಿ ಬೀಜ. ಈ ಕೊನೆಯದನ್ನು ಬಿಡಬೇಡಿ, ಕೀಟೋನ್ ಬಾರದಂತೆ ರಾತ್ರಿಯ ದೀರ್ಘ ಬಿಡುವನ್ನು ಮೊಟಕು ಮಾಡುವುದು ಅದೇ. ಬೆಲ್ಲ, ಜೇನುತುಪ್ಪ ಸಕ್ಕರೆಗೆ ಬದಲಿ ಅಲ್ಲ, ಅವೂ ಸಕ್ಕರೆಯೇ. ಹಣ್ಣು ಕಚ್ಚಿ ತಿನ್ನಿ, ರಸ ಬೇಡ. ಇನ್ನೊಂದು: ಕಬ್ಬಿಣದ ಮಾತ್ರೆಯನ್ನು ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗುತ್ತಿದ್ದೀರಿ, ಅದು ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಅಂತರವಿರಲಿ.

ಪರೀಕ್ಷೆ ದಿನಕ್ಕೆ ನಾಲ್ಕು ಸಲ. ಎದ್ದ ಕೂಡಲೇ, ಕಾಫಿಗೂ ಮುಂಚೆ ಒಂದು. ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ ಆದ ಮೇಲೆ ಒಂದೊಂದು. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟವಾದ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು. ಎರಡು ಗಂಟೆ ಎಂದರೆ ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ. ನೀವು ಕೈ ತೊಳೆದು, ಪಾತ್ರೆ ಎತ್ತಿಟ್ಟು, ಆಮೇಲೆ ಗಡಿಯಾರ ನೋಡುತ್ತಿದ್ದೀರಿ. ಮೂರನೇ ದಿನ ರಾತ್ರಿ ಬಂದ 104 ನಿಜಕ್ಕೂ ಮೂರು ಗಂಟೆಯ ಸಂಖ್ಯೆ, ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇನ್ನು ಮೊಬೈಲಿನಲ್ಲಿ ಮೊದಲ ತುತ್ತಿಗೇ ಅಲಾರಾಂ ಇಟ್ಟುಬಿಡಿ.

ಐದನೇ ದಿನ ಮಧ್ಯಾಹ್ನ 192 ಬಂದು ಅಳುತ್ತಾ ಫೋನ್ ಮಾಡಿದಿರಿ. ಮಗನಿಗೆ ಮಾವಿನಹಣ್ಣು ಹೆಚ್ಚಿಕೊಟ್ಟು ಅದೇ ಕೈಯಲ್ಲಿ ಚುಚ್ಚಿಕೊಂಡಿದ್ದೀರಿ. ಸೋಪು ಹಾಕಿ ತೊಳೆದು ಮತ್ತೆ ನೋಡಿದಾಗ 112. ಬೆರಳಿಗೆ ಅಂಟಿದ ಹಣ್ಣಿನ ರಸ ಸಾಕು ಯಂತ್ರವನ್ನು ದಾರಿ ತಪ್ಪಿಸಲು. ಪ್ರತಿ ಸಲ ಸೋಪಿನಿಂದ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಚುಚ್ಚಿ. ಒದ್ದೆ ಬೆರಳಿನಲ್ಲಿ ರಕ್ತ ನೀರಾಗಿ ಸಂಖ್ಯೆ ಕಡಿಮೆ ಬರುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಿಡಬೇಡಿ, ತೇವ ತಾಗಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ. ಪುಸ್ತಕದಲ್ಲಿ ಸಂಖ್ಯೆಯ ಪಕ್ಕ ಏನು ತಿಂದಿರಿ, ಎಷ್ಟು ತಿಂದಿರಿ ಎಂದು ಬರೆಯಿರಿ. ಚೆನ್ನಾಗಿ ಕಾಣಲಿ ಎಂದು ಸಂಖ್ಯೆ ತಿದ್ದುವವರು ಇದ್ದಾರೆ. ಯಂತ್ರದ ನೆನಪಿನಲ್ಲಿ ಅದು ಉಳಿದಿರುತ್ತದೆ, ನಾವು ನೋಡುತ್ತೇವೆ. ನೀವು ಹಾಗೆ ಮಾಡಿಲ್ಲ.

ಎಂದೋ ಒಂದು ದಿನ 128 ಬಂದರೆ ಗಾಬರಿ ಬೇಡ, ಏನು ತಿಂದಿರಿ ನೋಡಿ, ಮರುದಿನ ಸರಿಪಡಿಸಿ. ಆದರೆ ಅಳತೆಯಂತೆ ಉಂಡು, ನಡೆದೂ ಒಂದೇ ವಾರದಲ್ಲಿ ಅದೇ ಊಟದ ನಂತರ ಮೂರು ಸಲ 120 ಅಥವಾ ಅದಕ್ಕಿಂತ ಮೇಲೆ ಬಂದರೆ, ಇಲ್ಲವೇ ಬೆಳಿಗ್ಗೆ ಮೂರು ದಿನ 95 ಅಥವಾ ಅದಕ್ಕಿಂತ ಮೇಲೆ ಬಂದರೆ, ಮುಂದಿನ ತಪಾಸಣೆಯವರೆಗೆ ಕಾಯದೆ ನಮಗೆ ಫೋನ್ ಮಾಡಿ. ಇದು ನಾನು ನನ್ನವರಿಗೆಲ್ಲ ಹೇಳುವ ಲೆಕ್ಕ. ಬೆಳಗಿನ ಸಂಖ್ಯೆ ಊಟದಿಂದ ಇಳಿಸಲು ಎಲ್ಲಕ್ಕಿಂತ ಕಷ್ಟ. ನಿಮ್ಮದು 92, 94 ಎಂದು ಗೆರೆಯ ಅಂಚಿನಲ್ಲೇ ಇರುವುದರಿಂದ ಅದರ ಮೇಲೆ ನನ್ನ ಕಣ್ಣಿದೆ. ಎರಡು ವಾರ ಸರಿಯಾಗಿ ಉಂಡರೂ ಹಿಡಿತಕ್ಕೆ ಬರದಿದ್ದರೆ ವೈದ್ಯರು ಔಷಧ ಶುರು ಮಾಡುತ್ತಾರೆ, ಹೆಚ್ಚಾಗಿ ಇನ್ಸುಲಿನ್. ‘ಒಮ್ಮೆ ಚುಚ್ಚಿಸಿಕೊಂಡರೆ ಜೀವನಪೂರ್ತಿ’ ಎಂದು ಪಕ್ಕದ ಮನೆಯವರು ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಅಡ್ಡಿ ಮಾಡುತ್ತಿರುವುದು ಮಾಸು. ಹೆರಿಗೆಯ ಜೊತೆ ಅದು ಹೊರಹೋದರೆ ಹೆಚ್ಚಿನ ತಾಯಂದಿರಿಗೆ ಇನ್ಸುಲಿನ್ ಅಲ್ಲಿಗೇ ನಿಲ್ಲುತ್ತದೆ.

ಇನ್ಸುಲಿನ್ ಶುರುವಾದರೆ ಸಕ್ಕರೆ ತೀರಾ ಇಳಿಯುವುದೂ ಉಂಟು. ಕೈ ನಡುಗುವುದು, ತಣ್ಣನೆ ಬೆವರು, ಎದೆ ಹೊಡೆದುಕೊಳ್ಳುವುದು, ಇದ್ದಕ್ಕಿದ್ದಂತೆ ಹಸಿವು, ಇವು ಅದರ ಗುರುತು. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಗ್ಲುಕೋಸ್ ಪುಡಿ ಒಂದು ಲೋಟ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಕೂತು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ತಿಂದು, ಅವತ್ತೇ ನಮಗೆ ತಿಳಿಸಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದನ್ನು ನಿಮ್ಮ ಯಜಮಾನರಿಗೂ ಅತ್ತೆಯವರಿಗೂ ಓದಿ ಹೇಳಿ. ಆ ಹೊತ್ತಿನಲ್ಲಿ ಕೆಲಸ ಮಾಡಬೇಕಾದವರು ಅವರು.

ಯಾವುದಕ್ಕೆ ತಡಮಾಡಬಾರದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಕೈ ತೊಳೆದು ಎರಡನೇ ಸಲ ನೋಡಿದರೂ 200 ದಾಟಿದ್ದರೆ ಅವತ್ತೇ ವೈದ್ಯರಿಗೆ ಹೇಳಬೇಕು. ವಾಂತಿಯಾಗಿ ಊಟ ನೀರು ನಿಲ್ಲದಿದ್ದರೂ, ಜ್ವರ ಅಥವಾ ಉರಿಮೂತ್ರ ಬಂದರೂ ಅವತ್ತೇ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ನೋವು, ಇವು ರಕ್ತದೊತ್ತಡ ಏರಿದ್ದರ ಸೂಚನೆ ಇರಬಹುದು. ಸಕ್ಕರೆ ಇರುವ ಗರ್ಭಿಣಿಯರಲ್ಲಿ ಅದು ಹೆಚ್ಚು, ನೇರ ಆಸ್ಪತ್ರೆಗೆ ಬನ್ನಿ. ರಕ್ತ ಕಂಡರೂ, ನೀರು ಹೋದರೂ ಹಾಗೆಯೇ.

ಮಗುವಿನ ಅಲುಗಾಟದ ಬಗ್ಗೆ ಬೇರೆಯಾಗಿಯೇ ಹೇಳುತ್ತೇನೆ. ಈ ವಾರದಿಂದ ಅದು ಯಾವ ಹೊತ್ತಿಗೆ, ಎಷ್ಟು ಆಡುತ್ತದೆ ಎಂದು ಗಮನವಿಡಿ. ಎಂದಿಗಿಂತ ಕಡಿಮೆ ಅನಿಸಿದರೆ ಎಡಮಗ್ಗುಲಿಗೆ ಮಲಗಿ, ಬೇರೆ ಕೆಲಸ ಬಿಟ್ಟು, ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಅಲುಗದಿದ್ದರೆ ರಾತ್ರಿಯಾದರೂ ಸರಿ, ಹೊರಡಿ. ಅಲುಗಾಟವೇ ಇಲ್ಲ ಅನಿಸಿದರೆ ಎಣಿಸುತ್ತಾ ಕೂರುವುದೂ ಬೇಡ. ಸಿಹಿ ಶರಬತ್ತು ಕುಡಿದು ಮಗು ಏಳಲಿ ಎಂದು ಕಾಯುವ ರೂಢಿ ನಿಮ್ಮ ಕಡೆ ಇದೆ ಎಂದು ಗೊತ್ತು. ಅದು ಸಮಯ ಹಾಳು. ಆಸ್ಪತ್ರೆಗೆ ಬಂದು ಎಲ್ಲ ಸರಿಯಿದೆ ಎಂದು ಹಿಂದಿರುಗಿದರೆ ಯಾರೂ ಬೈಯುವುದಿಲ್ಲ.

ಕೊನೆಗೆ ನೀವು ಪುಸ್ತಕದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಕೇಳಿದ ಪ್ರಶ್ನೆ: ಬರುವ ಭಾನುವಾರ ಸೀಮಂತ, ಹೋಳಿಗೆ ತಿನ್ನಬಹುದೇ? ತಿನ್ನಿ, ಮಧ್ಯಾಹ್ನದ ಊಟದಲ್ಲಿ. ಬೆಳಿಗ್ಗೆ ಬೇಡ. ಒಂದು ಸಣ್ಣ ಹೋಳಿಗೆಯನ್ನು ಎರಡು ಪಾಲು ಎಂದು ಎಣಿಸಿ, ಅದಕ್ಕೆ ಬದಲಾಗಿ ಮುದ್ದೆ ಬಿಡಿ. ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಅರ್ಧ ಬಟ್ಟಲು ಅನ್ನ ಸಾರು, ಹೋಳಿಗೆ ಕಟ್ಟಕಡೆಗೆ. ಹೆಚ್ಚಿನ ಪಾಲು ಅತ್ತಿಗೆ ನಾದಿನಿಯರ ಎಲೆಗೆ ಹೋಗಲಿ. ಮಡಿಲು ತುಂಬಿದ ಚಿಗಳಿ ಉಂಡೆಗಳನ್ನು ಡಬ್ಬಿಗೆ ಹಾಕಿ ಮಗನ ಕೈಗೆ ಕೊಡಿ. ಬಂದವರನ್ನು ಕಳಿಸಿಕೊಡುವ ನೆಪದಲ್ಲಿ ಹದಿನೈದು ನಿಮಿಷ ನಡೆಯಿರಿ. ಎರಡು ಗಂಟೆಗೆ ಬೆರಳು ಚುಚ್ಚಿ, ಬಂದ ಸಂಖ್ಯೆ ಎಷ್ಟೇ ಇರಲಿ ಬರೆದಿಡಿ, ರಾತ್ರಿಯ ಊಟ ಮಾತ್ರ ಬಿಡಬೇಡಿ.

ಹೆರಿಗೆಯಾದ ಆರು ವಾರಕ್ಕೆ ಮತ್ತೊಮ್ಮೆ 75 ಗ್ರಾಂ ಗ್ಲುಕೋಸ್ ಪರೀಕ್ಷೆ ಇದೆ. ಮಗುವಿನ ಲಸಿಕೆಗೆ ಬರುವ ದಿನವೇ ಮಾಡಿಸಿಕೊಳ್ಳಬಹುದು, ಪುಸ್ತಕದ ಕೊನೆಯ ಹಾಳೆಯಲ್ಲಿ ಈಗಲೇ ಗುರುತು ಹಾಕಿದ್ದೇನೆ. ಸದ್ಯಕ್ಕೆ ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಫೋನ್ ಮಾಡಿ. ಸೀಮಂತದ ದಿನದ ನಾಲ್ಕೂ ಸಂಖ್ಯೆ ನನಗೆ ಬೇಕು.